ರಿಪೋರ್ಟ್ ನಾರ್ಮಲ್ ಅಂದಿದ್ದೇ ನನ್ನ ತಪ್ಪು

ಹೊಟ್ಟೆ, ಕರುಳಿನ ಕಾಯಿಲೆ ನೋಡುವುದು ನನ್ನ ಕೆಲಸ. 32 ವರ್ಷದ ಒಬ್ಬ ಮಹಿಳೆಗೆ ಐಬಿಎಸ್ ಇದೆ, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ ಇದೆ ಅಂತ ಸರಿಯಾಗೇ ಗುರುತಿಸಿದ್ದೆ, ಆದರೆ ಅದನ್ನು ಹೇಳಿದ ರೀತಿಯಲ್ಲಿ ಎಡವಿದೆ.

ಎಂಟು ತಿಂಗಳಿಂದ ವಾರಕ್ಕೆ ಮೂರು ದಿನ ಕೆಳಹೊಟ್ಟೆ ನೋವು. ನೋವು ಬಂದ ದಿನ ನಾಲ್ಕೈದು ಸಲ ತೆಳುವಾಗಿ ಭೇದಿ, ಹೋಗಿ ಬಂದರೆ ನೋವು ಇಳಿಯುತ್ತದೆ. ಐಬಿಎಸ್ ಅನ್ನಲು ಬೇಕಾದ ಲಕ್ಷಣ ಇವೇ. ಕಳೆದ 3 ತಿಂಗಳು ವಾರಕ್ಕೆ ಒಂದು ದಿನವಾದರೂ ನೋವಿರಬೇಕು, ಮೊದಲು ಶುರುವಾಗಿ 6 ತಿಂಗಳಾದರೂ ಆಗಿರಬೇಕು. ಜೊತೆಗೆ ನೋವಿಗೂ ಮಲವಿಸರ್ಜನೆಗೂ ನಂಟು, ಎಷ್ಟು ಸಲ ಹೋಗುತ್ತಾರೆ ಅನ್ನೋದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡು ಇರಬೇಕು.

ಆಮೇಲೆ ಅಪಾಯದ ಗುರುತುಗಳನ್ನು ಕೇಳಿದೆ. ಮಲದಲ್ಲಿ ರಕ್ತ ಇಲ್ಲ, ಸುಮ್ನೆ ತೂಕ ಇಳಿದಿಲ್ಲ, ಜ್ವರವಿಲ್ಲ, ಮನೆಯಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಇಲ್ಲ. "ರಾತ್ರೀನೂ ಹೋಗ್ತೀನಿ ಡಾಕ್ಟ್ರೇ" ಅಂದರು. ಇಲ್ಲಿ ಅವಸರ ಮಾಡಬಾರದು. ಗಾಢ ನಿದ್ದೆಯಿಂದ ಭೇದಿ ಎಬ್ಬಿಸುತ್ತಾ, ಅಥವಾ ನಿದ್ದೆ ಬಾರದೆ ಎಚ್ಚರವಿದ್ದಾಗ ಹೋಗ್ತೀರಾ ಅಂತ ಬಿಡಿಸಿ ಕೇಳಬೇಕು. ಅವರದು ಎರಡನೆಯದು. ಮೊದಲನೆಯದಾಗಿದ್ದರೆ, ಅಥವಾ 50 ದಾಟಿದ ಮೇಲೆ ಇದು ಹೊಸದಾಗಿ ಶುರುವಾಗಿದ್ದರೆ, ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ ಬಗ್ಗೆ ಯೋಚಿಸುತ್ತಿದ್ದೆ. ಇವರಿಗೆ ಸಾಮಾನ್ಯ ರಕ್ತ ಪರೀಕ್ಷೆ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ, ಕರುಳಿನ ಉರಿಯೂತ ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಸಾಕಾಯಿತು. ಎಲ್ಲವೂ ಸರಿಯಿತ್ತು.

"ಎಲ್ಲಾ ನಾರ್ಮಲ್, ಏನೂ ಇಲ್ಲ" ಅಂತ ಹೇಳಿ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟೆ. ವಾರ ಬಿಟ್ಟು ಅವರು ಮಾತ್ರೆ ಮೇಜಿನ ಮೇಲಿಟ್ಟು, "ಖಿನ್ನತೆಗೆ ಕೊಡೋ ಮಾತ್ರೆ ಅಂತೆ. ನನ್ನ ನೋವು ಸುಳ್ಳು ಅಂತೀರಾ?" ಅಂದರು. ಕಣ್ಣಲ್ಲಿ ನೀರಿತ್ತು. ಏನೂ ಇಲ್ಲ ಅಂದವನು ನಾನೇ ಅಲ್ವಾ.

ಕೂತು ಮೊದಲಿಂದ ಹೇಳಿದೆ. ಕರುಳಿಗೆ ತನ್ನದೇ ನರಜಾಲ ಇದೆ, ಅದು ಮಿದುಳಿನ ಜೊತೆ ಸದಾ ಮಾತಾಡುತ್ತಿರುತ್ತದೆ. ನಿಮ್ಮಲ್ಲಿ ಆ ಸಂದೇಶ ಜೋರಾಗಿ ಕೇಳಿಸುತ್ತಿದೆ, ಹಾಗಾಗಿ ಸ್ವಲ್ಪ ಗ್ಯಾಸ್ ಕೂಡ ನೋವಾಗುತ್ತದೆ, ನೋವು ನಿಜವಾದದ್ದೇ. ಖಿನ್ನತೆಗೆ ಕೊಡುವುದಕ್ಕಿಂತ ತುಂಬಾ ಕಡಿಮೆ ಡೋಸ್ ಇದು, ರಾತ್ರಿ 10 ಮಿಲಿಗ್ರಾಂ, ಬೇಕಿದ್ದರೆ ನಿಧಾನವಾಗಿ 30ರವರೆಗೆ. ಬಾಯಿ ಒಣಗಬಹುದು, ಬೆಳಗ್ಗೆ ಮಂಪರು ಇರಬಹುದು, ಗುಣ ಕಾಣಲು ಕೆಲವು ವಾರ ಬೇಕು. ಇದು ಕರುಳನ್ನು ನಿಧಾನ ಮಾಡುತ್ತದೆ. ಅದಕ್ಕೇ ಭೇದಿ ಇರುವ ಇವರಿಗೆ ಒಪ್ಪುತ್ತದೆ, ಮಲಬದ್ಧತೆ ಇರುವವರಿಗೆ ತೊಂದರೆ ಜಾಸ್ತಿ ಮಾಡಬಹುದು.

ಆಗಲೇ ಅವರು ಇನ್ನೊಂದು ವಿಷಯ ಹೇಳಿದರು: ಮೂರು ಸಲ ಟಾಯ್ಲೆಟ್‌ಗೆ ಹೋಗದೆ ಮನೆಯಿಂದ ಹೊರಡುತ್ತಲೇ ಇರಲಿಲ್ಲವಂತೆ. ದಾರಿಯಲ್ಲಿ ಅವಸರವಾಗಿಬಿಟ್ಟರೆ ಅನ್ನೋ ಆ ಭಯ ಕರುಳನ್ನು ಇನ್ನಷ್ಟು ಕೆರಳಿಸುತ್ತದೆ. ಅದಕ್ಕೆ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದೆ. ಅಲ್ಲಿ ಮೂರು ಸಲ ಹೋಗುವುದನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸುತ್ತಾ ಬಂದರು. ಮೂರು ತಿಂಗಳಿಗೆ ನೋವು ಹತ್ತು ದಿನಕ್ಕೊಮ್ಮೆ ಆಗಿತ್ತು, ಡೋಸ್ 20ರಲ್ಲೇ ನಿಂತಿತ್ತು. ರಕ್ತ ಕಂಡರೆ, ತೂಕ ಇಳಿದರೆ ಕಾಯದೆ ಬನ್ನಿ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.