ದಸರಾ ರಜೆಗೆ ಅಂಡಮಾನ್, ವಾಪಸ್ ಫ್ಲೈಟ್ ಒಂದಿನ ಮುಂದಕ್ಕೆ ಹೋದಾಗ ಮಗಳ ಸ್ಕೂಲಿಗೆ ಬರೆದ ರಜಾ ಅರ್ಜಿ

ದಾವಣಗೆರೆ ಕಡೆಯಿಂದ ದಸರಾ ರಜೆಗೆ ಅಂಡಮಾನ್ ಪ್ಲಾನ್ ಮಾಡ್ತಿರೋರು, ಅದ್ರಲ್ಲೂ ಸ್ಕೂಲಿಗೆ ಹೋಗೋ ಮಕ್ಕಳನ್ನ ಕರ್ಕೊಂಡು ಹೊರಟೋರು ಇದನ್ನ ಒಂದ್ಸಲ ಓದ್ರಿ. ಬೀಚು, ಸೆಲ್ಯುಲರ್ ಜೈಲು, ಸ್ನಾರ್ಕ್ಲಿಂಗ್ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ನಾನು ವಾಪಸ್ ಬರೋದ್ರ ಬಗ್ಗೆ ಅಷ್ಟೇ ಬರೀತೀನಿ, ಯಾಕಂದ್ರೆ ಅಲ್ಲಿ ಸಿಕ್ಕಾಕ್ಕೊಂಡ್ರೆ ಏನ್ ಮಾಡ್ಬೇಕು, ಸ್ಕೂಲಿಗೆ ಏನಂತ ಬರೀಬೇಕು ಅಂತ ನಾವು ಹುಡುಕಿದಾಗ ಸರಿಯಾಗಿ ಹೇಳೋರು ಯಾರೂ ಸಿಗ್ಲಿಲ್ಲ.

ನಾವು ಹೋಗಿದ್ದು 2024ರ ದಸರಾ ರಜೆಲಿ. ಅಕ್ಟೋಬರ್ 20 ಭಾನುವಾರಕ್ಕೆ ರಜೆ ಮುಗಿದು 21 ಸೋಮವಾರ ಸ್ಕೂಲು ಶುರು. ಪೋರ್ಟ್ ಬ್ಲೇರ್‌ಗೆ ಆಗಷ್ಟೇ ಸೆಪ್ಟೆಂಬರಲ್ಲಿ ಶ್ರೀ ವಿಜಯಪುರಂ ಅಂತ ಹೆಸರು ಬದಲಾಯಿಸಿದ್ರು, ಟಿಕೆಟಲ್ಲಿ ಒಂದು ಕಡೆ ಹಳೇ ಹೆಸರು ಇನ್ನೊಂದು ಕಡೆ ಹೊಸದು ಕಂಡ್ರೆ ಗಾಬರಿ ಆಗ್ಬೇಡಿ, ಎರಡೂ ಒಂದೇ ಊರು. ವಾಪಸ್ ಫ್ಲೈಟ್ ಭಾನುವಾರ ಬೆಳಿಗ್ಗೆ ಇತ್ತು, ಮಧ್ಯಾಹ್ನದೊಳಗೆ ಬೆಂಗಳೂರು, ಸಂಜೆ ಹೊತ್ತಿಗೆ ದಾವಣಗೆರೆ, ಮಗಳು ಒಂದು ರಾತ್ರಿ ಚೆನ್ನಾಗಿ ಮಲಗಿ ಸೋಮವಾರ ಸ್ಕೂಲಿಗೆ ಅನ್ನೋ ಲೆಕ್ಕ.

ಶುಕ್ರವಾರ ಸಂಜೆ ಸ್ವರಾಜ್ ದ್ವೀಪದಲ್ಲಿದ್ವಿ, ಹಿಂದೆ ಹ್ಯಾವ್‌ಲಾಕ್ ಅಂತಿದ್ರಲ್ಲ ಅದೇ. ಏರ್‌ಲೈನ್‌ನಿಂದ ಎಸ್‌ಎಂಎಸ್ ಬಂತು, ಭಾನುವಾರದ ಫ್ಲೈಟ್ ಇಲ್ಲ, ನಿಮ್ಮನ್ನ ಸೋಮವಾರ ಮಧ್ಯಾಹ್ನದ ಫ್ಲೈಟಿಗೆ ಹಾಕಿದೀವಿ ಅಂತ. ಕಾರಣ ಅಂತ ಒಂದೇ ಸಾಲು, ಆಪರೇಷನಲ್ ಅಂತ. ದೆಹಲಿನೋ ಮುಂಬೈನೋ ಆಗಿದ್ರೆ ಅವತ್ತೇ ಇನ್ನೊಂದು ಫ್ಲೈಟ್ ಸಿಕ್ಕೇ ಸಿಗುತ್ತೆ. ಅಂಡಮಾನ್ ಹಂಗಲ್ಲ, ಅಲ್ಲಿಂದ ಬೆಂಗಳೂರಿಗೆ ನೇರ ಫ್ಲೈಟ್ ಕಮ್ಮಿ, ಒಂದು ತಪ್ಪಿದ್ರೆ ಮುಂದಿನದು ನಾಳೆಗೇ ಆಗಬಹುದು. ಚೆನ್ನೈ ಮೇಲೆ ಬರಬಹುದು, ಆದ್ರೆ ರಜೆ ಮುಗಿಯೋ ಭಾನುವಾರ ಮನೆಮಂದಿಗೆಲ್ಲ ಒಟ್ಟಿಗೆ ಸೀಟು ಸಿಗ್ಬೇಕಲ್ಲ, ನಮಗೆ ಸಿಗ್ಲಿಲ್ಲ.

ಇಲ್ಲಿ ಒಂದು ವಿಷಯ ಗಮನ ಇಟ್ಟು ಮಾಡ್ರಿ. ಮೆಸೇಜಲ್ಲಿ ಒಂದು ಲಿಂಕ್ ಬರುತ್ತೆ, ಒಪ್ಕೋತೀರಾ, ಬೇರೆ ಫ್ಲೈಟ್ ಬೇಕಾ, ದುಡ್ಡು ವಾಪಸ್ ಬೇಕಾ ಅಂತ ಕೇಳುತ್ತೆ. ಫ್ಲೈಟ್ ಅವರೇ ರದ್ದು ಮಾಡಿದಾಗ ಬೇರೆ ಫ್ಲೈಟೋ ಪೂರ್ತಿ ರೀಫಂಡೋ ಆರಿಸೋ ಹಕ್ಕು ನಮ್ಮದು. ಬೇರೆ ದಾರಿ ಎಲ್ಲ ನೋಡೋತನಕ ಒಪ್ಕೊಂಡೆ ಅನ್ನೋ ಬಟನ್ ಒತ್ತಬೇಡಿ, ಒತ್ತಿದ ಮೇಲೆ ಮತ್ತೆ ಬದಲಾಯಿಸೋಕೆ ಹೋದ್ರೆ ಚಾರ್ಜ್ ಕೇಳಬಹುದು. ನಮ್ಮ ಮನೆಯವ್ರು ಹೋಟೆಲ್ ವೈಫೈ ಹಿಡ್ಕೊಂಡು ಎಲ್ಲಾ ನೋಡಿ ಆಮೇಲೆ ಸೋಮವಾರಕ್ಕೆ ಒಪ್ಕೊಂಡ್ರು, ತಕ್ಷಣ ಹೊಸ ಟಿಕೆಟ್ ಮೇಲ್‌ಗೆ ಬಂತು. ಸ್ಕೂಲಿಗೆ ದಾಖಲೆ ಅಂತ ಕೊಡೋಕೆ ಆ ಮೇಲ್ ಬೇಕು, ಬರೀ ಎಸ್‌ಎಂಎಸ್ ಸ್ಕ್ರೀನ್‌ಶಾಟಲ್ಲಿ ಪ್ರಯಾಣಿಕರ ಹೆಸರೇ ಇರಲ್ಲ.

ಫ್ಲೈಟ್ ಬದಲಾಯ್ತು ಅಂತ ಸ್ವರಾಜ್ ದ್ವೀಪದಿಂದ ಶ್ರೀ ವಿಜಯಪುರಂಗೆ ಬರೋ ಶನಿವಾರದ ಫೆರ್ರಿನ ಮಾತ್ರ ನಾವು ಮುಂದಕ್ಕೆ ಹಾಕ್ಲಿಲ್ಲ. ಒಂದಿನ ಹೆಚ್ಚಿಗೆ ಸಿಕ್ತು ದ್ವೀಪದಲ್ಲೇ ಇರೋಣ ಅಂತ ಮನಸ್ಸಿಗೆ ಬರುತ್ತೆ, ಆದ್ರೆ ಅಕ್ಟೋಬರ್ ನವೆಂಬರಲ್ಲಿ ಆ ಸಮುದ್ರ ನಂಬೋಹಂಗಿಲ್ಲ, ಅದೇ ವಾರ ದಾನಾ ಚಂಡಮಾರುತ ಎದ್ದು ಒಡಿಶಾಗೆ ಹೋಗಿ ಹೊಡೀತು. ಗಾಳಿ ಜಾಸ್ತಿ ಆದ್ರೆ ಫೆರ್ರಿ ನಿಲ್ಲಿಸ್ತಾರೆ, ಫೆರ್ರಿ ನಿಂತ್ರೆ ಹೊಸ ಫ್ಲೈಟೂ ಹೋಯ್ತು. ಫ್ಲೈಟಿನ ಹಿಂದಿನ ದಿನವೇ ಏರ್‌ಪೋರ್ಟ್ ಇರೋ ಊರಿಗೆ ಬಂದುಬಿಡಿ.

ಇನ್ನು ಸ್ಕೂಲಿನ ವಿಷಯ. ಅರ್ಜಿ ಬರೆಯೋಕೆ ಮುಂಚೆ ಯಾವ್ಯಾವ ದಿನಕ್ಕೆ ರಜೆ ಕೇಳ್ಬೇಕು ಅಂತ ಲೆಕ್ಕ ಹಾಕ್ಬೇಕು. ಫ್ಲೈಟ್ ಸೋಮವಾರ ಅಲ್ವಾ, ಸೋಮವಾರ ಒಂದಿನ ಸಾಕು ಅಂತ ಯಾರಿಗಾದ್ರೂ ಅನ್ಸುತ್ತೆ. ಬೆಂಗಳೂರಿನೋರಿಗೆ ಸಾಕು. ನಮಗೆ ಸಾಕಾಗಲ್ಲ, ಹೆಂಗೆ ಅಂತ ಹೇಳ್ತೀನಿ ನೋಡ್ರಿ. ಫ್ಲೈಟ್ ಇಳಿಯೋದು ಸಂಜೆ ಐದೂವರೆ, ಲಗೇಜ್ ತಗೊಂಡು ಹೊರಗೆ ಬರೋಷ್ಟರಲ್ಲಿ ಆರೂಕಾಲು ಆರೂವರೆ. ಏರ್‌ಪೋರ್ಟಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಬಂದು ತುಮಕೂರು ರೋಡ್ ಹಿಡಿದ್ರೆ ಬೆಂಗಳೂರು ಸಿಟಿ ಟ್ರಾಫಿಕ್ ತಪ್ಪುತ್ತೆ, ಆದ್ರೂ ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ಮನೆಗೆ 270 ಕಿಲೋಮೀಟರ್ ಆಸುಪಾಸು. ಕಾರಲ್ಲಿ ಐದು ಗಂಟೆ ಮೇಲೆ, ಊಟಕ್ಕೆ ಮುಕ್ಕಾಲು ಗಂಟೆ ನಿಂತ್ರೆ ರಾತ್ರಿ ಹನ್ನೆರಡೂವರೆ. ವಾಯು ವಜ್ರ ಹತ್ತಿ ಮೆಜೆಸ್ಟಿಕ್‌ಗೆ ಹೋಗಿ ಅಲ್ಲಿಂದ ರಾತ್ರಿ ಬಸ್ ಹಿಡಿದ್ರೆ ಇನ್ನೂ ತಡ, ಬೆಳಗಿನ ಜಾವ. ಮಧ್ಯರಾತ್ರಿ ಮನೆ ಸೇರಿದ ಆರನೇ ಕ್ಲಾಸಿನ ಮಗುನ ಬೆಳಿಗ್ಗೆ ಏಳೂವರೆಗೆ ಸ್ಕೂಲ್ ವ್ಯಾನಿಗೆ ಹತ್ತಿಸೋದು ನನ್ನ ಪ್ರಕಾರ ತಪ್ಪು. ಹಂಗಾಗಿ ಸೋಮವಾರ ಮಂಗಳವಾರ ಎರಡೂ ದಿನಕ್ಕೆ ಮೊದಲೇ ಕೇಳಿದ್ವಿ. ಒಂದಿನಕ್ಕೆ ಅರ್ಜಿ ಕೊಟ್ಟು ಎರಡನೇ ದಿನ ಸುಮ್ನೆ ಗೈರಾದ್ರೆ ಮೊದಲನೇ ಅರ್ಜಿ ಮೇಲಿನ ನಂಬಿಕೆನೂ ಹೋಗುತ್ತೆ.

ಮಗಳಿಗೆ ಜ್ವರ ಅಂತ ಬರೆದ್ಬಿಡಿ ಸುಲಭ ಆಗುತ್ತೆ ಅಂತ ನಮ್ಮ ಪರಿಚಯದೋರು ಒಬ್ರು ಫೋನಲ್ಲಿ ಹೇಳಿದ್ರು. ನಾನು ಖಡಾಖಂಡಿತ ಬೇಡ ಅಂದೆ. ಮಗು ಬುಧವಾರ ಕ್ಲಾಸಿಗೆ ಹೋಗಿ ಗೆಳತಿಯರಿಗೆ ಅಂಡಮಾನ್ ಕಥೆ ಹೇಳೇ ಹೇಳುತ್ತೆ, ನೀನು ಹೇಳ್ಬೇಡ ಅಂತ ಅದರ ಬಾಯಿಗೆ ಬೀಗ ಹಾಕೋದು ಯಾವ ನ್ಯಾಯ? ಅಲ್ದೆ ಫ್ಲೈಟ್ ಬದಲಾಗಿದ್ದು ನಿಜವಾದ ಕಾರಣ, ಕೈಲಿ ದಾಖಲೆನೂ ಐತೆ.

ನಾವು ಶನಿವಾರ ರಾತ್ರಿ ಶ್ರೀ ವಿಜಯಪುರಂಗೆ ಬಂದು ಬರೆದ ಅರ್ಜಿ ಇದು, ಹೆಸರು ತೆಗೆದು ಹಾಕ್ತಿದೀನಿ.

ದಿನಾಂಕ: 19-10-2024
ಸ್ಥಳ: ಶ್ರೀ ವಿಜಯಪುರಂ, ಅಂಡಮಾನ್

ಇವರಿಗೆ,
ಪ್ರಾಂಶುಪಾಲರು,
(ಶಾಲೆಯ ಹೆಸರು), ದಾವಣಗೆರೆ.
(ತರಗತಿ ಶಿಕ್ಷಕಿಯವರ ಮುಖಾಂತರ)

ಮಾನ್ಯರೇ,

ವಿಷಯ: ವಾಪಸ್ ಬರುವ ವಿಮಾನದ ದಿನ ಬದಲಾದ ಕಾರಣ ಮಗಳಿಗೆ ದಿ. 21 ಮತ್ತು 22ರಂದು ರಜೆ ಕೋರಿ.

ನನ್ನ ಮಗಳು (ಹೆಸರು) ತಮ್ಮ ಶಾಲೆಯಲ್ಲಿ 6ನೇ ತರಗತಿ (ವಿಭಾಗ, ಹಾಜರಾತಿ ಸಂಖ್ಯೆ) ಓದುತ್ತಿದ್ದಾಳೆ. ದಸರಾ ರಜೆಯಲ್ಲಿ ನಾವು ಕುಟುಂಬ ಸಮೇತ ಅಂಡಮಾನಿಗೆ ಬಂದಿದ್ದು, ದಿ. 20ರ ಭಾನುವಾರ ಬೆಳಿಗ್ಗೆ ವಿಮಾನದಲ್ಲಿ ಹೊರಟು ಅದೇ ಸಂಜೆ ದಾವಣಗೆರೆ ತಲುಪಬೇಕಿತ್ತು. ವಿಮಾನ ಸಂಸ್ಥೆಯವರು ಆ ವಿಮಾನವನ್ನು ರದ್ದುಪಡಿಸಿ ನಮಗೆ ದಿ. 21ರ ಸೋಮವಾರ ಮಧ್ಯಾಹ್ನದ ವಿಮಾನದಲ್ಲಿ ಸ್ಥಳ ನೀಡಿದ್ದಾರೆ. ಅದು ಸಂಜೆ 5:30ಕ್ಕೆ ಬೆಂಗಳೂರು ತಲುಪುವುದರಿಂದ ನಾವು ಊರು ಸೇರುವಾಗ ಮಧ್ಯರಾತ್ರಿ ದಾಟುತ್ತದೆ.

ಆದ್ದರಿಂದ ದಿ. 21 ಸೋಮವಾರ ಮತ್ತು 22 ಮಂಗಳವಾರ, ಈ ಎರಡು ದಿನ ಅವಳಿಗೆ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ದಿ. 23ರ ಬುಧವಾರ ಶಾಲೆಗೆ ಹಾಜರಾಗುತ್ತಾಳೆ. ಆ ಎರಡು ದಿನದ ಪಾಠ ಮತ್ತು ಹೋಮ್‌ವರ್ಕ್ ಮಾಡಿಸಿ ಮುಗಿಸುವ ಜವಾಬ್ದಾರಿ ನಮ್ಮದು. ಈ ದಿನಗಳಲ್ಲಿ ಉತ್ತರ ಪತ್ರಿಕೆ ಕೊಡುವುದಿದ್ದರೆ ಬುಧವಾರ ನಾನೇ ಬಂದು ನೋಡಿ ಸಹಿ ಮಾಡುತ್ತೇನೆ.

ಲಗತ್ತು: ಮೊದಲಿನ ಟಿಕೆಟ್, ಬದಲಾದ ಟಿಕೆಟ್.

ಇಂತಿ ತಮ್ಮ ವಿಶ್ವಾಸಿ,
(ತಾಯಿಯ ಹೆಸರು, ಸಹಿ, ಮೊಬೈಲ್)

ಉತ್ತರ ಪತ್ರಿಕೆ ಮಾತು ಯಾಕೆ ಹಾಕಿದ್ವಿ ಅಂದ್ರೆ, ಮಗಳ ಎಸ್‌ಎ-1 ಪರೀಕ್ಷೆ ರಜೆಗೆ ಮುಂಚೆನೇ ಮುಗಿದಿತ್ತು, ಸ್ಕೂಲು ಶುರುವಾದ ಮೊದಲೆರಡು ದಿನದಲ್ಲೇ ಪೇಪರ್ ಕೊಟ್ಟು ಪೇರೆಂಟ್ಸ್ ಸಹಿ ಕೇಳ್ತಾರೆ. ಅದನ್ನ ನಾವೇ ಮೊದಲು ಹೇಳಿದ್ರೆ ಮಗು ವಿಷಯದಲ್ಲಿ ಇವರಿಗೆ ಗಮನ ಐತೆ ಅಂತ ಟೀಚರಿಗೂ ಗೊತ್ತಾಗುತ್ತೆ. ಹಳೇ ಟಿಕೆಟ್ ಜೊತೆಗೆ ಇಡೋದೂ ಮುಖ್ಯ. ಬರೀ ಹೊಸ ಟಿಕೆಟ್ ಕೊಟ್ರೆ ಇವರು ಮೊದಲೇ ಸೋಮವಾರಕ್ಕೆ ಬುಕ್ ಮಾಡಿ ಈಗ ಕಾರಣ ಹೇಳ್ತಿದಾರೆ ಅಂತ ಕಾಣುತ್ತೆ, ಎರಡೂ ಇಟ್ರೆ ನಾವು ಭಾನುವಾರವೇ ಬರೋರಿದ್ವಿ ಅನ್ನೋದು ಯಾರೂ ಕೇಳದೆ ಸಾಬೀತಾಗುತ್ತೆ.

ಟಿಕೆಟ್ ಕಳಿಸೋ ಮುಂಚೆ ಪಿಎನ್ಆರ್ ನಂಬರ್ ಮೇಲೆ ಕಪ್ಪು ಗೆರೆ ಎಳೀರಿ, ಬೋರ್ಡಿಂಗ್ ಪಾಸ್ ಆದ್ರೆ ಬಾರ್‌ಕೋಡ್ ಮೇಲೂ. ಪಿಎನ್ಆರ್ ಮತ್ತೆ ಸರ್‌ನೇಮ್ ಎರಡು ಗೊತ್ತಿದ್ರೆ ಎಷ್ಟೋ ಏರ್‌ಲೈನ್ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನಮ್ಮ ಬುಕಿಂಗ್ ತೆಗೆದು ಬದಲಾಯಿಸಬಹುದು. ಸ್ಕೂಲಿಗೆ ಬೇಕಿರೋದು ಹೆಸರು, ದಿನಾಂಕ, ಸಮಯ ಅಷ್ಟೇ. ಕ್ಲಾಸ್ ವಾಟ್ಸಾಪ್ ಗ್ರೂಪಿಗಂತೂ ಹಾಕ್ಲೇಬೇಡಿ, ಟೀಚರ್ ಪರ್ಸನಲ್ ನಂಬರಿಗೆ ಕಳಿಸ್ರಿ.

ನಮಗೆ ಇದ್ದ ನಿಜವಾದ ತೊಡಕು ಏನಂದ್ರೆ ಸ್ಕೂಲಿಗೆ ಇನ್ನೂ ರಜೆ, ಆಫೀಸಲ್ಲಿ ಫೋನ್ ಎತ್ತೋರಿಲ್ಲ, ಸೋಮವಾರ ಮೊದಲನೇ ಪೀರಿಯಡಲ್ಲೇ ಹಾಜರಿ ತಗೋತಾರೆ. ಅದಕ್ಕೆ ಬಿಳಿ ಹಾಳೆ ಮೇಲೆ ಕೈಲಿ ಬರೆದು ಸಹಿ ಹಾಕಿ, ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಟಿಕೆಟ್ ಎರಡೂ ಸೇರಿಸಿ ಒಂದೇ ಪಿಡಿಎಫ್ ಮಾಡಿದ್ವಿ. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕ್ಲಾಸ್ ಟೀಚರಿಗೆ ಕಳಿಸಿ, ಸ್ಕೂಲಿನ ಇಮೇಲಿಗೂ ಹಾಕಿ, ಆಮೇಲೆ ಟೀಚರಿಗೆ ಒಂದು ಕಾಲ್ ಮಾಡಿದೆ. "ಮೇಡಂ, ರಜೆಲಿ ತೊಂದರೆ ಕೊಡ್ತಿದೀನಿ, ಫ್ಲೈಟ್ ಮುಂದಕ್ಕೆ ಹೋಗೈತ್ರಿ, ಅರ್ಜಿ ಕಳಿಸಿದೀನಿ" ಅಂದೆ. "ಆಯ್ತ್ ಬಿಡ್ರಿ, ನಾಳೆ ಬೆಳಿಗ್ಗೆ ಪ್ರಿನ್ಸಿಪಾಲ್ ಸರ್‌ಗೆ ತೋರಿಸ್ತೀನಿ, ಬುಧವಾರ ಬರುವಾಗ ಒರಿಜಿನಲ್ ಕಾಪಿ ಕಳಿಸ್ರಿ, ಡೈರಿಲೂ ರಜೆ ಪೇಜಲ್ಲಿ ಬರೀರಿ" ಅಂದ್ರು. ಆ ಡೈರಿ ವಿಷಯ ಅವರು ಹೇಳಿದ್ದು ಒಳ್ಳೇದಾಯ್ತು, ಎಷ್ಟೋ ಸ್ಕೂಲಲ್ಲಿ ವಾಟ್ಸಾಪಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ, ಡೈರಿಲಿ ಇದ್ರೇನೇ ರಜೆ, ಇಲ್ಲಾಂದ್ರೆ ಗೈರು.

ಸೋಮವಾರ ಫ್ಲೈಟ್ ಸ್ವಲ್ಪ ತಡವಾಗಿನೇ ಇಳೀತು, ಶಿರಾ ಹತ್ರ ಊಟಕ್ಕೆ ನಿಂತು ಮನೆ ಬಾಗಿಲು ತೆಗೆಯೋಷ್ಟರಲ್ಲಿ ಒಂದು ಗಂಟೆ ಹತ್ರ ಆಗಿತ್ತು, ಮಂಗಳವಾರಕ್ಕೂ ಕೇಳಿದ್ದು ಸರಿಯಾಯ್ತು. ಮಂಗಳವಾರ ಸಂಜೆ ಅವಳ ಗೆಳತಿ ಅಮ್ಮನ ಹತ್ರ ನೋಟ್ಸ್ ಫೋಟೋ ತರಿಸ್ಕೊಂಡು ಬರೆಸಿದ್ವಿ. ಬುಧವಾರ ಒರಿಜಿನಲ್ ಅರ್ಜಿ ಜೊತೆ ಬೋರ್ಡಿಂಗ್ ಪಾಸ್ ಜೆರಾಕ್ಸ್ ಪಿನ್ ಮಾಡಿ ಕಳಿಸಿದೆ, ಮಂಜೂರಾಗಿದೆ ಅಂತ ಡೈರಿಲಿ ಸಹಿ ಬಂತು.

ಹೋಟೆಲಿನ ಹೆಚ್ಚಿನ ಒಂದು ರಾತ್ರಿ ಖರ್ಚು ನಾವೇ ಕೊಟ್ವಿ, ಇಪ್ಪತ್ನಾಲ್ಕು ಗಂಟೆಗಿಂತ ಮುಂಚೆ ತಿಳಿಸಿ ಬೇರೆ ಫ್ಲೈಟ್ ಕೊಟ್ಟಿದ್ರಿಂದ ಪರಿಹಾರ ಸಿಗಲ್ಲ ಅಂದ್ರು. ಅದನ್ನೂ ಬಜೆಟಲ್ಲಿ ಇಟ್ಕೊಳ್ಳಿ. ಬುಕ್ ಮಾಡೋವಾಗ ವಾಪಸ್ ಫ್ಲೈಟ್ ಶನಿವಾರಕ್ಕೆ ಸಿಕ್ರೆ ಶನಿವಾರಕ್ಕೇ ಮಾಡ್ರಿ, ಒಂದಿನ ಮುಂದಕ್ಕೆ ಹೋದ್ರೂ ಭಾನುವಾರ ರಾತ್ರಿ ಮನೇಲಿರ್ತೀರಿ, ಆಗ ಕೇಳ್ಬೇಕಾಗೋದು ಹೆಚ್ಚಂದ್ರೆ ಸೋಮವಾರ ಒಂದೇ ದಿನ.