ಖಾಲಿ ಬಿಟ್ಟ ಕಾಲಂ

ದಾವಣಗೆರೆಲಿ ಎಂಸಿಎ ಮುಗಿಸಿ ಎಷ್ಟೋ ವರ್ಷ ಆಯ್ತು, ಆದ್ರೂ ಲ್ಯಾಬ್ ಅಂದ್ರೆ ನಂಗೆ ಮೊದ್ಲು ನೆನಪಾಗೋದು ಫೈನಲ್ ಇಯರ್ ಪ್ರಾಜೆಕ್ಟ್ ದಿನ ಮೇಡಂ ಬೈದಿದ್ದು. ಜಗಳೂರು ಕಡೆ ಹಳ್ಳಿಗಳ ಬೋರ್‌ವೆಲ್ ಲೆಕ್ಕ ನಮ್ಮ ಡೇಟಾ, ಯಾವ ಊರಿಗೆ ಬೇಸಿಗೇಲಿ ಟ್ಯಾಂಕರ್ ಬೇಕಾಗುತ್ತೆ ಅಂತ ಅದರಿಂದ ಕಲಿತ ಮಾಡೆಲ್ ಮೊದ್ಲೇ ಹೇಳ್ಬೇಕಿತ್ತು. ನೀರು ಎಷ್ಟು ಅಡಿ ಕೆಳಗಿದೆ ಅನ್ನೋ ಕಾಲಂ ಅಲ್ಲಲ್ಲಿ ಖಾಲಿ.

ನಾವು ಸರಾಸರಿ ತುಂಬಿಬಿಟ್ವಿ. ಮೇಡಂ ಹತ್ತು ಬೋರನ್ನ ಬೋರ್ಡ್ ಮೇಲೆ ಬರೆದ್ರು: ಏಳಕ್ಕೆ 120, 140, 150, 160, 180, 200, 240, ಉಳಿದ ಮೂರು ಖಾಲಿ. ಸರಾಸರಿ 170. ಮೂರಕ್ಕೂ 170 ಹಾಕಿದ್ರೆ ಸರಾಸರಿ ಹಾಗೇ ಇರುತ್ತೆ, ಆದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ 37ರಿಂದ 31ಕ್ಕೆ ಇಳಿಯುತ್ತೆ, ಅಂದ್ರೆ ಊರೂರಿಗೂ ಇರೋ ವ್ಯತ್ಯಾಸಾನ ನಾವೇ ಸಣ್ಣದು ಮಾಡಿದಂಗಾಯ್ತು. ಮೀಡಿಯನ್ 160 ಹಾಕಿದ್ರೂ ಇದೇ ಕಥೆ.

"ಮೊದ್ಲು ರಿಜಿಸ್ಟರ್ ನೋಡ್ಕೊಂಡು ಬರ್ರಿ" ಅಂದ್ರು. ಹೋಗಿ ನೋಡಿದ್ರೆ ಕಂಪ್ಯೂಟರಿಗೆ ಏರಿಸದೇ ಬಿಟ್ಟಿದ್ದ ಷರಾ ಕಾಲಮ್ಮಲ್ಲಿ, ಎರಡು ಬೋರಿಗೆ "ನೀರಿಲ್ಲ" ಅಂತಿತ್ತು, ಒಂದಕ್ಕೆ "ಗೇಟ್ ಬೀಗ". ಟೇಪ್ 300 ಅಡಿದು, ಅಷ್ಟು ಇಳಿಸಿದ್ರೂ ನೀರು ಸಿಕ್ಕಿಲ್ಲ! "ಏನ್ರೋ, ಬತ್ತಿದ ಬೋರಿಗೆ 170 ಅಡಿಗೇ ನೀರು ಬರ್ಸಿದ್ರಲ್ಲೋ, ಆ ಊರಿಗೆ ಟ್ಯಾಂಕರ್ ಯಾರು ಕಳಿಸ್ತಾರೆ?" ಅಂದ್ರು. ಆ ಮಾತು ಇವತ್ತಿಗೂ ಕಿವೀಲಿದೆ.

ಆಮೇಲೆ ಖಾಲಿ ಇದ್ರೆ 1, ಇಲ್ಲಾಂದ್ರೆ 0 ಅಂತ ಇನ್ನೊಂದು ಕಾಲಂ ಸೇರಿಸಿದ್ವಿ. ಈಗ ಪೈಥಾನಿನ scikit-learn ಲೈಬ್ರರೀಲಿ ಇದು ಒಂದೇ ಲೈನ್:

```
SimpleImputer(strategy="median", add_indicator=True)
```

ಮಾಡೆಲ್ ಚೆನ್ನಾಗಾಯ್ತು, ಯಾಕಂದ್ರೆ ಖಾಲಿ ಅನ್ನೋದೇ ಒಂದು ಸುದ್ದಿಯಾಗಿತ್ತು. ಆದ್ರೆ ಮುಂದಿನ ವರ್ಷದ ಡೇಟಾ ಕೊಟ್ರೆ ಮತ್ತೆ ಎಡವಿತು: ಅಳತೆ ತಗೊಳ್ಳೋರು ರಜದಲ್ಲಿದ್ದು ಒಂದಷ್ಟು ಹಳ್ಳಿ ಪೂರ್ತಿ ಖಾಲಿ ಉಳಿದಿತ್ತು, ನೀರು ತುಂಬಿರೋ ಬೋರುಗಳನ್ನೂ ಮಾಡೆಲ್ ಬತ್ತಿದಾವೆ ಅಂತು. ಅದು ಕಲಿತಿದ್ದು ನೀರಿನ ವಿಷಯ ಅಲ್ಲ, ಆ ವರ್ಷ ರಿಜಿಸ್ಟರ್ ಬರೆದವರ ರೂಢಿ.

ಕೊನೆಗೆ ಎರಡು ಗುರುತು ಮಾಡಿದ್ವಿ, "ನೀರಿಲ್ಲ" ಬೇರೆ, "ಅಳತೆ ಆಗಿಲ್ಲ" ಬೇರೆ. ಮೊದಲನೇದಕ್ಕೆ 300 ಹಾಕಿದ್ವಿ, ನಿಜವಾದ ಆಳ ಗೊತ್ತಿಲ್ದಿದ್ರೂ ಅದಕ್ಕಿಂತ ಕೆಳಗೇ ಅನ್ನೋದು ಗೊತ್ತಿತ್ತಲ್ಲ. ಎರಡನೇದಕ್ಕೆ ಮಾತ್ರ ಅದೇ ಹೋಬಳಿಯ ಮೀಡಿಯನ್, ಅದೂ ಟ್ರೈನಿಂಗ್ ಡೇಟಾದಿಂದ ಮಾತ್ರ ತೆಗೆದದ್ದು, ಪರೀಕ್ಷೆಗೆ ಇಟ್ಟಿರೋ ಸಾಲುಗಳನ್ನೂ ಸೇರಿಸಿ ತೆಗೆದ್ರೆ ಅವುಗಳ ಗುಟ್ಟು ಮೊದ್ಲೇ ಸೋರಿ ಸ್ಕೋರ್ ಇಲ್ಲದ ಚಂದ ಕಾಣುತ್ತೆ. ಮೇಡಂ ಎರಡನೇ ಸಲ ಬೋರ್ಡಿಗೆ ಬಂದು ಆ ಮೂರು ಬೋರಿನ ಮುಂದೆ 300, 300, 160 ಅಂತ ಬರೆದು, ಒಂದೊಂದರ ಪಕ್ಕ ಷರಾನೂ ಬರೆದ್ರು.