6ರ ಜಾಗದಲ್ಲಿ 8

ಪುಣೆಯ ನಮ್ಮ ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥರಿಂದ ಮೌಲ್ಯಮಾಪಕರಿಗೆಲ್ಲ ಪತ್ರ ಬಂದಿದೆ. ಪ್ರಶ್ನೆಪತ್ರಿಕೆಯಲ್ಲಿ x² − 5x + 6 = 0 ಅಂತಿರಬೇಕಾದದ್ದು x² − 5x + 8 = 0 ಅಂತ ಅಚ್ಚಾಗಿದೆ. ಸರಿಯಿದ್ದಿದ್ದರೆ ಉತ್ತರ 2 ಮತ್ತು 3. ಈಗ b² − 4ac ನೋಡಿದರೆ 25 − 32 ಅಂದ್ರೆ −7, ವಾಸ್ತವ ಮೂಲಗಳೇ ಇಲ್ಲ!

ಪ್ರಯತ್ನಿಸಿದವರಿಗೆಲ್ಲ ಪೂರ್ತಿ 4 ಅಂಕವಂತೆ. ನೋಡಿ ಮುಗಿಸಿದ ಉತ್ತರಪತ್ರಿಕೆಗಳನ್ನೂ ಮತ್ತೆ ತೆಗೆಯಬೇಕು. ಹಳೇ ಅಂಕಕ್ಕೆ ಒಂದೇ ಗೆರೆ ಎಳೆದು, ಹೊಸದರ ಪಕ್ಕ ಸಹಿ ಹಾಕಿ, ಮೊತ್ತ ಮತ್ತೆ ಕೂಡಬೇಕು. ಕೆಲಸ ಜಾಸ್ತಿ, ಆದರೆ ನ್ಯಾಯವೇ.

ವಿದ್ಯಾರ್ಥಿಯೊಬ್ಬರು ಮಾತ್ರ −7ಕ್ಕೆ ಬಂದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದಿದ್ದಾರೆ. ಪೂರ್ತಿ ಒಂದು ಪುಟ. ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿದೆ. ಇಲ್ಲಿ 4 ಕೊಟ್ಟೆ, ಅಲ್ಲಿ ಹೋದದ್ದಕ್ಕೆ ಏನು ಮಾಡೋದು? ಪತ್ರದಲ್ಲಿಲ್ಲ. ನಾಳೆ ಮುಖ್ಯಸ್ಥರನ್ನೇ ಕೇಳಬೇಕು.